ಎರಡನೇ ಹೆಲ್ಮೆಟ್ಟು

ನಾವು ಮನಸ್ಸಿಟ್ಟವರಿಗೆ ಆಗಲೇ ಬೇರೆಯವರಿದ್ದಾರೆ ಅನ್ನುವ ಸುದ್ದಿಯನ್ನು ಯಾರೂ ಎದುರಿಗೆ ಕೂರಿಸಿಕೊಂಡು ಹೇಳುವುದಿಲ್ಲ. ನಾವು ಕೇಳಿರುವುದಿಲ್ಲ, ಹಾಗಾಗಿ ಅವರು ಹೇಳಬೇಕಾದ ಅಗತ್ಯವೂ ಇರುವುದಿಲ್ಲ. ಸುದ್ದಿ ಪಕ್ಕದ ಓಣಿಯಿಂದ ಬರುತ್ತದೆ. ಯಾರದೋ ಮಾತಿನ ನಡುವೆ ಒಂದು ಹೆಸರು ಜಾರಿ ಬೀಳುತ್ತದೆ, ಎಲ್ಲ ಭಾನುವಾರಗಳೂ ಯಾರಿಗೋ ಮೀಸಲಾಗಿರುವುದು ಕಾಣುತ್ತದೆ. ನನ್ನ ಪಾಲಿಗೆ ಅದು ಒಂದು ಹೆಲ್ಮೆಟ್ಟಿನ ರೂಪದಲ್ಲಿ ಬಂತು.

2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಬೈಕಿನ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಯಾರ ಬೈಕಿನ ಹಿಂದೆ ಯಾರು ಕೂತು ಹೋಗುತ್ತಾರೆ ಅನ್ನುವುದಕ್ಕೆ ಆಫೀಸಿನೊಳಗೆ ಯಾವ ಕುರುಹೂ ಇರುತ್ತಿರಲಿಲ್ಲ. ಆಮೇಲೆ ಬಸ್ಸಿನಲ್ಲಿ ಬರುವವರ ಟೇಬಲ್ಲಿನ ಕೆಳಗೂ ಹೆಲ್ಮೆಟ್ಟುಗಳು ಕಾಣಿಸಿಕೊಂಡವು. ನಾನಿದ್ದದ್ದು ಒಂದು ಆಡಿಟರ್ ಆಫೀಸಿನಲ್ಲಿ. ಅಲ್ಲಿ ನನ್ನ ಎದುರು ಟೇಬಲ್ಲಿನಲ್ಲಿ ಕೂರುತ್ತಿದ್ದವರಿಗೆ ಸ್ಕೂಟರೂ ಇರಲಿಲ್ಲ, ಬೈಕೂ ಇರಲಿಲ್ಲ. ಬೆಳಿಗ್ಗೆ ಬಿಎಂಟಿಸಿ ಬಸ್ಸಿನಲ್ಲಿ ಬರುತ್ತಿದ್ದರು. ಆದರೆ ಅವರ ಟೇಬಲ್ಲಿನ ಕೆಳಗೆ, ಹಳೆಯ ಬಾಕ್ಸ್ ಫೈಲುಗಳ ಪಕ್ಕದಲ್ಲಿ, ಒಂದು ಬೂದು ಬಣ್ಣದ ಹೆಲ್ಮೆಟ್ ಇರುತ್ತಿತ್ತು.

ಆ ಹೆಲ್ಮೆಟ್ಟನ್ನು ನಾನು ದಿನಾ ನೋಡುತ್ತಿದ್ದೆ. ನೋಡಿ, ಅದಕ್ಕೊಬ್ಬ ಅಣ್ಣನನ್ನು ಹುಟ್ಟಿಸಿಕೊಂಡಿದ್ದೆ. ಅಣ್ಣ ಸಂಜೆ ಕರೆದುಕೊಂಡು ಹೋಗುತ್ತಿರಬೇಕು ಎಂದು. ಸಂಜೆ ಏಳೂವರೆಗೆ ಒಂದು ಫೋನ್ ಬರುತ್ತಿತ್ತು, ಅವರು ಎದ್ದು ಮೆಟ್ಟಿಲ ಕಡೆ ಹೋಗಿ ಮಾತಾಡಿ ಬರುತ್ತಿದ್ದರು. ಅದಕ್ಕೆ ಅಮ್ಮನನ್ನು ಕೂರಿಸಿದ್ದೆ. ಅಮ್ಮನ ಜೊತೆ ಮಾತಾಡಲು ಮೆಟ್ಟಿಲಿಗೇಕೆ ಹೋಗಬೇಕು ಅನ್ನುವ ಪ್ರಶ್ನೆ ನನಗೆ ಬರಲಿಲ್ಲ. ಅದೇ ನಾನು ಕ್ಲೈಂಟಿನ ಪುಸ್ತಕದಲ್ಲಿ ವೋಚರ್ ಇಲ್ಲದ ಎರಡು ಸಾವಿರ ರೂಪಾಯಿಯ ಖರ್ಚು ಕಂಡರೂ ಮೂರು ಸಲ ಫೋನ್ ಮಾಡಿ ಕೇಳುವವನು.

ಇದನ್ನು ಕುರುಡು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕುರುಡನಿಗೆ ಕಾಣುವುದಿಲ್ಲ, ನನಗೆ ಎಲ್ಲವೂ ಕಾಣುತ್ತಿತ್ತು, ಬೇರೆಯವರಿಗಿಂತ ಹೆಚ್ಚಾಗಿಯೇ. ಲೆಕ್ಕದ ಕೆಲಸ ಮಾಡುವವರಿಗೆ ಇದು ಗೊತ್ತಿರುವ ವ್ಯವಹಾರ. ಎಲ್ಲಿಂದ ಬಂತು, ಯಾತಕ್ಕೆ ಬಂತು ಎಂದು ತಿಳಿಯದ ಮೊತ್ತವನ್ನು ಸಸ್ಪೆನ್ಸ್ ಅಕೌಂಟ್ ಅನ್ನುವ ತಲೆಬರಹದ ಕೆಳಗೆ ತಾತ್ಕಾಲಿಕವಾಗಿ ಹಾಕಿಡುತ್ತೇವೆ. ತಪ್ಪೇನಲ್ಲ, ಕೆಲಸ ಮುಂದಕ್ಕೆ ಹೋಗಬೇಕಲ್ಲ. ಆದರೆ ವರ್ಷದ ಕೊನೆಗೆ ಅದನ್ನು ತೆರೆದು, ಒಂದೊಂದು ಎಂಟ್ರಿಯನ್ನೂ ಅದರ ನಿಜವಾದ ಖಾತೆಗೆ ದಾಟಿಸಲೇಬೇಕು. ದಾಟಿಸಿದರೆ ನಷ್ಟ ಕಾಣುತ್ತದೆ ಎಂದು ಗೊತ್ತಿರುವ ಮಾಲೀಕ ಅದನ್ನು ಹಾಗೇ ಇಟ್ಟುಕೊಳ್ಳಲು ನೋಡುತ್ತಾನೆ. ಹೆಲ್ಮೆಟ್, ಏಳೂವರೆಯ ಫೋನು, ಭಾನುವಾರದ ‘ಸ್ವಲ್ಪ ಕೆಲಸ ಇದೆ’ ಎಲ್ಲವೂ ನನ್ನ ಸಸ್ಪೆನ್ಸ್ ಖಾತೆಯಲ್ಲಿದ್ದವು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನ್ನೊವ್ 1979ರಲ್ಲಿ ಈ ಬಗೆಯ ಮೋಹದ ಮೇಲೆ ಒಂದು ಪುಸ್ತಕ ಬರೆದರು. ಪ್ರೀತಿಯಲ್ಲಿ ಬಿದ್ದ ನೂರಾರು ಜನರ ಮಾತನ್ನು ಕೇಳಿ ಬರೆದದ್ದು. ಮೋಹವನ್ನು ಬೆಳೆಸುವುದು ಆಸೆ ಮಾತ್ರ ಅಲ್ಲ, ಆಸೆಯ ಜೊತೆಗಿರುವ ಅನಿಶ್ಚಯ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಆ ಕಡೆಯಿಂದ ಪೂರ್ತಿ ಒಪ್ಪಿಗೆ ಸಿಕ್ಕರೂ ಅದು ತಣ್ಣಗಾಗುತ್ತದೆ, ಯಾವ ಆಸೆಯೂ ಉಳಿಯದಂತೆ ಬಾಗಿಲು ಮುಚ್ಚಿದರೂ ತಣ್ಣಗಾಗುತ್ತದೆ. ‘ಇರಬಹುದು, ಇಲ್ಲದಿರಬಹುದು’ ಅನ್ನುವ ನಡುಮನೆಯಲ್ಲಿ ಮಾತ್ರ ವರ್ಷಗಟ್ಟಲೆ ಉರಿಯುತ್ತಿರುತ್ತದೆ. ಹೀಗಾಗಿ ಆ ಕಡೆ ಬೇರೊಬ್ಬರಿದ್ದಾರೆ ಅನ್ನುವ ಸುದ್ದಿ ಕೆಟ್ಟ ಸುದ್ದಿಯಾದರೂ ನಡುಮನೆಯಿಂದ ಹೊರಗೆ ಬರಲು ಸಿಗುವ ಒಂದೇ ದಾರಿ. ಕಷ್ಟವೇನೆಂದರೆ ನಾವು ಆ ಸುದ್ದಿಯನ್ನು ಪೂರ್ತಿ ತೆಗೆದುಕೊಳ್ಳುವುದಿಲ್ಲ. ಅರ್ಧ ತೆಗೆದುಕೊಂಡು ಇನ್ನರ್ಧವನ್ನು ಮತ್ತೆ ಅನಿಶ್ಚಯದ ಕಡೆಗೇ ಸರಿಸುತ್ತೇವೆ.

ನನಗೆ ಪೂರ್ತಿ ಸುದ್ದಿ ಸಿಕ್ಕಿದ್ದು ರಿಟರ್ನ್ಸ್ ಗಲಾಟೆಯ ದಿನಗಳಲ್ಲಿ. ಆ ವರ್ಷ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಗಡುವು ಜುಲೈ 31ರಿಂದ ಆಗಸ್ಟ್ 5ಕ್ಕೆ ಹೋಗಿತ್ತು. ಗಡುವು ಮುಂದೆ ಹೋದರೆ ಕೆಲಸ ಕಡಿಮೆಯಾಗುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ನಿಜವಾಗಿ ಆಗುವುದೆಂದರೆ ಫಾರಂ 16 ಕಳೆದುಕೊಂಡವರೆಲ್ಲ ಹೊಸ ಹುರುಪಿನಿಂದ ಬಂದು ಬಾಗಿಲಲ್ಲಿ ನಿಲ್ಲುವುದು. ಅಂಥ ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಎಲ್ಲರೂ ಒಟ್ಟಿಗೆ ಕೆಳಗಿಳಿದೆವು. ಗೇಟಿನ ಹತ್ತಿರ ಒಬ್ಬರು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಮ್ಮ ಸಹೋದ್ಯೋಗಿ ಅವರ ಹತ್ತಿರ ಹೋಗಿ, ಆ ದಿನ ಯಾವನೋ ಕ್ಲೈಂಟು ಮಾಡಿದ ತರಲೆಯನ್ನು ಹೇಳಲು ಶುರುಮಾಡಿದರು. ಹೇಳುತ್ತಲೇ ಹೆಲ್ಮೆಟ್ ಹಾಕಿಕೊಂಡು, ಗದ್ದವನ್ನು ಒಂದಿಷ್ಟು ಮೇಲಕ್ಕೆತ್ತಿದರು. ಆತ ಕೈ ಚಾಚಿ ಗದ್ದದ ಕೆಳಗಿನ ಪಟ್ಟಿಯನ್ನು ಸಿಕ್ಕಿಸಿದ. ಅದರ ಕ್ಲಿಪ್ಪು ಹಾಳಾಗಿತ್ತೆಂದು ಕಾಣುತ್ತದೆ, ಒಂದು ಸಲ ಒಳಗೆ ಒತ್ತಿ, ಎಡಕ್ಕೆ ತಿರುಗಿಸಿ, ಮತ್ತೆ ಒತ್ತಿದ. ಅಷ್ಟೂ ಹೊತ್ತು ಇವರ ಮಾತು ನಿಲ್ಲಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲೂ ಇಲ್ಲ.

ಆ ನೋಡದೇ ಇದ್ದದ್ದೇ ನನಗೆ ಎಲ್ಲವನ್ನೂ ಹೇಳಿತು. ಹೊಸದಾಗಿ ಹತ್ತಿರವಾದವರು ಒಬ್ಬರನ್ನೊಬ್ಬರು ಬಹಳ ನೋಡುತ್ತಾರೆ. ಇವರದು ಆ ಘಟ್ಟ ದಾಟಿ ವರ್ಷಗಳಾಗಿದ್ದವು. ಹಾಳಾದ ಕ್ಲಿಪ್ಪನ್ನು ಎಡಕ್ಕೆ ತಿರುಗಿಸಬೇಕು ಅನ್ನುವುದು ಆ ಕೈಗೆ ಅಭ್ಯಾಸವಾಗಿತ್ತು. ಇಂಥದ್ದರ ಎದುರು ಅಣ್ಣ, ಅಮ್ಮ ಯಾರನ್ನೂ ನಿಲ್ಲಿಸಲು ಆಗುವುದಿಲ್ಲ.

ಗಡುವು ಮುಗಿದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆಯುವಾಗ ಅವರೇ ಹೇಳಿದರು. “ಆವತ್ತು ರಾತ್ರಿ ನೀವು ನೋಡಿದ್ರಲ್ಲ, ಆಫೀಸಲ್ಲಿ ಯಾರ ಹತ್ರಾನೂ ಹೇಳ್ಬೇಡಿ ಕಣ್ರೀ. ನಮ್ಮನೇಲಿ ಇನ್ನೂ ಗೊತ್ತಿಲ್ಲ.” ಇಬ್ಬರದೂ ಬೇರೆ ಬೇರೆ ಧರ್ಮ ಅನ್ನುವುದನ್ನೂ ಹೇಳಿದರು. ನಾನು “ಹೇಳಲ್ಲ” ಅಂದೆ. ಅಷ್ಟೇ ಮಾತು.

ಇಲ್ಲಿ ಒಂದು ಸಂಗತಿಯ ಬಳಿ ಸ್ವಲ್ಪ ನಿಲ್ಲಬೇಕು. ಪ್ರೀತಿಯ ಬಗ್ಗೆ ಸಲಹೆ ಕೊಡುವ ಬರಹಗಳೆಲ್ಲ ‘ಅವರಿಗೆ ಯಾರಾದರೂ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ’ ಅನ್ನುತ್ತವೆ. ಆ ಸಲಹೆ ಜೋಡಿಯಾಗಿರುವುದನ್ನು ಎಲ್ಲರೆದುರು ಹೇಳಿಕೊಳ್ಳಬಹುದಾದ ಊರುಗಳಲ್ಲಿ ಹುಟ್ಟಿದ್ದು. ನಮ್ಮಲ್ಲಿ ಗಟ್ಟಿಯಾದ ಸಂಬಂಧಗಳೇ ಹೆಚ್ಚು ಗುಟ್ಟಾಗಿರುತ್ತವೆ. ಜಾತಿ ಬೇರೆ, ಧರ್ಮ ಬೇರೆ, ತಂಗಿಯ ಮದುವೆ ಮುಗಿಯಬೇಕು, ಅಪ್ಪನ ಆಪರೇಶನ್ ಆಗಬೇಕು, ಹೀಗೆ ಕಾರಣಗಳು. ಆಫೀಸಿನಲ್ಲಿ ಯಾರ ಹೆಸರೂ ಎತ್ತದ ಹುಡುಗಿಗೆ ಯಾರೂ ಇಲ್ಲ ಎಂದೇನೂ ಅಲ್ಲ, ಹೆಸರೆತ್ತಿದರೆ ಅಪಾಯ ಎಂದಿರಬಹುದು. ಹುಡುಗರಿಗೂ ಇದೇ ಮಾತು. ಹಾಗಾಗಿ ನಮ್ಮಲ್ಲಿ ಅವರಿವರನ್ನು ವಿಚಾರಿಸುವುದು ಮುಗ್ಧ ಕೆಲಸ ಅಲ್ಲ. ವಿಚಾರಿಸಿದವನಿಗೆ ಉತ್ತರ ಸಿಗುವ ಮೊದಲೇ ಪ್ರಶ್ನೆ ಊರು ಸುತ್ತಿ ಬಂದಿರುತ್ತದೆ. ನಮ್ಮ ಆಫೀಸಿನಲ್ಲಿ ಅವರದೇ ತಾಲ್ಲೂಕಿನ ಒಬ್ಬರಿದ್ದರು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸಂತೆ.

ಎರಡನೆಯದಾಗಿ, ನಮ್ಮಲ್ಲಿ ಬದ್ಧತೆಯ ಅಳತೆಗೋಲು ತಾಳಿ. ಸುದ್ದಿಯನ್ನು ಅರ್ಧ ತೆಗೆದುಕೊಳ್ಳಲು ನಮಗೆ ನೆವ ಕೊಡುವುದೂ ಇದೇ. ‘ಮದುವೆ ಆಗಿದೆಯಾ? ಇಲ್ಲವಲ್ಲ. ಮತ್ತೆ?’ ಈ ‘ಮತ್ತೆ’ಯನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ನನ್ನೊಳಗೇ ಕೇಳಿಸಿತು. ಅದೂ ಮನೆಯವರು ಒಪ್ಪದ ಸಂಬಂಧವಾದರೆ ಇನ್ನಷ್ಟು ಜೋರಾಗಿ ಕೇಳಿಸುತ್ತದೆ. ಅವರ ಅಪ್ಪ ಒಪ್ಪಲಿಕ್ಕಿಲ್ಲ, ಊರು ಬಿಡಲಿಕ್ಕಿಲ್ಲ, ಆಗ ಒಂದು ದಿನ ಎಂದು ಶುರುವಾಗುವ ಲೆಕ್ಕ. ಆ ಲೆಕ್ಕದ ನಿಜವಾದ ಅರ್ಥವೇನು ಎಂದು ಕೂತು ನೋಡಿದರೆ ಮೈ ಜುಮ್ಮೆನ್ನುತ್ತದೆ. ನಮಗೆ ಇಷ್ಟವಾದವರ ಬದುಕಿನಲ್ಲಿ ಅವರ ಜಾತಿಯವರು, ಅವರ ಅಪ್ಪ, ಅವರ ಊರಿನ ಪುಂಡರು ಗೆಲ್ಲಲಿ ಎಂದು ನಾವು ಒಳಗೊಳಗೇ ಕೈಮುಗಿಯುತ್ತಿರುತ್ತೇವೆ.

ತಾಳಿ ಇಲ್ಲದ ಬದ್ಧತೆಗೆ ಬೆಲೆ ಕೊಡುವುದು ನಮಗೆ ಹೊಸದೂ ಅಲ್ಲ. ಮಹಾಭಾರತದಲ್ಲಿ ಭೀಷ್ಮ ಕಾಶೀರಾಜನ ಮೂವರು ಹೆಣ್ಣುಮಕ್ಕಳನ್ನು ಸ್ವಯಂವರದಿಂದ ಗೆದ್ದು ತರುತ್ತಾನೆ, ತಮ್ಮ ವಿಚಿತ್ರವೀರ್ಯನಿಗಾಗಿ. ಮದುವೆಯ ತಯಾರಿ ನಡೆಯುವಾಗ ಹಿರಿಯವಳಾದ ಅಂಬೆ, ತಾನು ಮನಸ್ಸಿನಲ್ಲಿ ಸಾಲ್ವನನ್ನು ಆಗಲೇ ವರಿಸಿದ್ದೇನೆ ಅನ್ನುತ್ತಾಳೆ. ಮದುವೆಯಾಗಿರಲಿಲ್ಲ, ಶಾಸ್ತ್ರ ನಡೆದಿರಲಿಲ್ಲ, ಇದ್ದದ್ದು ಎರಡು ಮನಸ್ಸುಗಳ ಒಪ್ಪಂದ. ಅಷ್ಟೂ ಜನ ರಾಜರನ್ನು ಸೋಲಿಸಿ ತಂದ ಭೀಷ್ಮ ಬಲ್ಲವರ ಜೊತೆ ಆಲೋಚಿಸಿ ಅವಳನ್ನು ಸಾಲ್ವನ ಬಳಿಗೆ ಕಳಿಸಿಕೊಡುತ್ತಾನೆ. ಮುಂದಿನ ಅನಾಹುತ ಎಲ್ಲರಿಗೂ ಗೊತ್ತು. ಬೇರೊಬ್ಬ ಗೆದ್ದೊಯ್ದವಳು ಎಂದು ಸಾಲ್ವ ಅವಳನ್ನು ಒಲ್ಲೆನೆಂದ. ‘ಭೀಷ್ಮ ವಿಜಯ’ದ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಆ ಮುಂದಿನ ಭಾಗದಲ್ಲೇ ರಾತ್ರಿ ಕಳೆಯುತ್ತಾರೆ. ನನಗೆ ಮಾತ್ರ ಮೊದಲ ಭಾಗ ಮುಖ್ಯ. ಅವಳನ್ನು ತಂದ ರೀತಿಗೆ ಭೀಷ್ಮನನ್ನು ಎಷ್ಟು ಬೈದರೂ ಸಾಲದು. ಆದರೆ ಅವಳ ಮನಸ್ಸು ಬೇರೆ ಕಡೆ ನಿಂತಿದೆ ಎಂದು ತಿಳಿದ ಕ್ಷಣದಲ್ಲಿ ‘ಇನ್ನೂ ಮದುವೆಯಾಗಿಲ್ಲವಲ್ಲ’ ಎಂದು ಅವನು ಅನ್ನಲಿಲ್ಲ.

ಹಿಂದೆ ಸರಿಯುವುದರ ಬಗ್ಗೆ ನನಗೆ ನಿಜವಾಗಿ ಪಾಠ ಹೇಳಿದವನು ಭೀಷ್ಮನಲ್ಲ, ನಾಗಚಂದ್ರನ ರಾವಣ. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಜೈನ ಕವಿ ನಾಗಚಂದ್ರ, ಅಭಿನವ ಪಂಪ ಎಂದು ಕರೆಸಿಕೊಂಡವನು, ‘ರಾಮಚಂದ್ರ ಚರಿತ ಪುರಾಣ’ದಲ್ಲಿ ಬೇರೆಯೇ ರಾವಣನನ್ನು ಕಟ್ಟಿದ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂದು ವ್ರತ ತೊಟ್ಟವನು ಆತ. ಬಹುರೂಪಿಣೀ ವಿದ್ಯೆಯನ್ನು ಸಾಧಿಸಿ, ಆ ಹಮ್ಮಿನಲ್ಲಿ ಸೀತೆಯ ಮುಂದೆ ಬಂದು ರಾಮಲಕ್ಷ್ಮಣರ ಕಥೆ ಮುಗಿಯಿತು ಅನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಸೀತೆ ರಾಮನ ಪ್ರಾಣವನ್ನು ನೆನೆದು ಮೂರ್ಛೆ ಹೋಗುತ್ತಾಳೆ. ನೆಲದ ಮೇಲೆ ಬಿದ್ದ ಅವಳನ್ನು ನೋಡಿದಾಗ ಅವನಿಗೆ ಮೊದಲ ಸಲ ತಿಳಿಯುತ್ತದೆ, ಈ ಮನಸ್ಸಿನಲ್ಲಿ ತನಗೆ ಜಾಗವಿಲ್ಲ, ಎಂದೂ ಇರಲಿಲ್ಲ. ಅಲ್ಲಿ ಅವನ ಮನಸ್ಸು ತಿಳಿಯಾಗುತ್ತದೆ. ಪ್ರೀತಿಸುವ ಇಬ್ಬರನ್ನು ಅಗಲಿಸಿದೆನಲ್ಲ ಎಂದು ಪಶ್ಚಾತ್ತಾಪ ಪಡುತ್ತಾನೆ. ಕನ್ನಡ ವಿಮರ್ಶಕರು ಅವನನ್ನು ದುರಂತ ನಾಯಕ ಎಂದು ಕರೆದದ್ದು ಈ ತಿರುವಿಗಾಗಿ, ಇದರ ಮುಂದಿನದಕ್ಕಾಗಿ.

ಇಷ್ಟಕ್ಕೇ ನಿಂತಿದ್ದರೆ ಅವನು ದುರಂತ ನಾಯಕನಾಗುತ್ತಿರಲಿಲ್ಲ. ಸೀತೆಯನ್ನು ಒಪ್ಪಿಸುವುದು ಎಂದು ನಿಶ್ಚಯವಾಗಿದೆ, ಆದರೆ ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದ ಎಂದು ಜನ ಆಡಿಕೊಳ್ಳುತ್ತಾರೆ. ಅದಕ್ಕೆ ಮೊದಲು ಯುದ್ಧದಲ್ಲಿ ಗೆಲ್ಲುತ್ತೇನೆ, ರಾಮಲಕ್ಷ್ಮಣರನ್ನು ಸೆರೆಹಿಡಿಯುತ್ತೇನೆ, ಆಮೇಲೆ ನನ್ನ ಕೈಯಾರೆ, ದೊಡ್ಡ ಮನಸ್ಸಿನಿಂದ ಸೀತೆಯನ್ನು ಕೊಡುತ್ತೇನೆ ಎಂದು ಹೊರಡುತ್ತಾನೆ. ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಮೋಹ ಅವನನ್ನು ಕೊಲ್ಲಲಿಲ್ಲ, ಅದು ಆಗಲೇ ಇಳಿದಿತ್ತು. ಬಿಟ್ಟುಕೊಡುವಾಗ ತಾನು ದೊಡ್ಡವನಾಗಿ ಕಾಣಬೇಕು ಅನ್ನುವ ಷರತ್ತು ಕೊಂದಿತು.

ನಾವು ಸೇನೆ ಕಟ್ಟಿಕೊಂಡು ಹೊರಡುವುದಿಲ್ಲ ಅನ್ನುವುದೊಂದು ಬಿಟ್ಟರೆ ಷರತ್ತು ನಮ್ಮದೂ ಅದೇ. ಸರಿ, ಹಿಂದೆ ಸರಿಯುತ್ತೇನೆ, ಆದರೆ ನಾನು ಹಿಂದೆ ಸರಿದೆ ಎಂದು ಅವರಿಗೆ ಗೊತ್ತಾಗಬೇಕು. ‘ನಿನಗೋಸ್ಕರ ದೂರ ಹೋಗುತ್ತಿದ್ದೇನೆ, ನೀನು ಸುಖವಾಗಿರು’ ಎಂದು ಮಧ್ಯರಾತ್ರಿ ಕಳಿಸುವ ಉದ್ದನೆಯ ಮೆಸೇಜು ಇದೇ ಷರತ್ತಿನ ಒಂದು ರೂಪ. ಅದನ್ನು ಓದಿದ ವ್ಯಕ್ತಿ ಅಲ್ಲಿಯವರೆಗೆ ಏನೂ ತಿಳಿಯದೆ ಕೆಲಸ ಮಾಡಿಕೊಂಡಿದ್ದವರು, ಇನ್ನು ಮೇಲೆ ನಮ್ಮ ನೋವಿಗೆ ಹೊಣೆಯಾಗಬೇಕು, ಎದುರು ಟೇಬಲ್ಲಿನಲ್ಲಿ ಕೂತು ದಿನಾ ನಮ್ಮ ಮುಖ ಓದಬೇಕು. ಹೇಳಿ ಹಗುರಾದೆ ಎಂದು ನಾವು ಅಂದುಕೊಳ್ಳುತ್ತೇವೆ. ಭಾರ ಎಲ್ಲಿಗೂ ಹೋಗಿರುವುದಿಲ್ಲ, ಟೇಬಲ್ ಬದಲಾಯಿಸಿರುತ್ತದೆ. ಮನಸ್ಸಿನಲ್ಲಿರುವುದನ್ನು ಹೇಳಿಬಿಡುವುದೇ ಪ್ರಾಮಾಣಿಕತೆ ಅನ್ನುವವರ ಜೊತೆ ನನಗೆ ಜಗಳವಿಲ್ಲ. ಅವರು ಯಾರಿಗೂ ಮಾತು ಕೊಡದ ಒಂಟಿಯಾದರೆ ಹೇಳಬೇಕು, ಹೇಳದಿರುವುದೇ ದಡ್ಡತನ. ಅವರು ಬೇರೆ ಕಡೆ ನಿಂತಿದ್ದಾರೆ ಎಂದು ತಿಳಿದ ಮೇಲೆ ಹೇಳುವ ಮಾತಿಗೆ ಕೇಳುಗರಿಂದ ಒಂದೇ ಒಂದು ಕೆಲಸ ಆಗಬೇಕಿರುತ್ತದೆ, ನಮ್ಮನ್ನು ಸಮಾಧಾನ ಮಾಡುವುದು.

2006ರಲ್ಲಿ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ನನ್ನ ವಯಸ್ಸಿನವರಿಗೆಲ್ಲ ಈ ವಿಷಯದ ಪಠ್ಯಪುಸ್ತಕ. ಮದುವೆ ಗೊತ್ತಾದ ಹುಡುಗಿಯನ್ನು ಪ್ರೀತಿಸಿ ಕೊನೆಗೆ ಬಿಟ್ಟುಕೊಟ್ಟು ಹೋಗುವ ನಾಯಕನನ್ನು ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೇಲೆ ಜನ ನೋಡಿದರು. ಸಿನಿಮಾ ನನಗೂ ಇಷ್ಟ. ಆದರೆ ಅವನ ತ್ಯಾಗವನ್ನು ನೋಡಲು ಒಂದು ಇಡೀ ಥಿಯೇಟರ್ ಕೂತಿದೆ ಅನ್ನುವುದನ್ನು ನಾವು ಮರೆಯುತ್ತೇವೆ. ಡಬ್ಬಿ ತೊಳೆಯುವ ನಲ್ಲಿಯ ಹತ್ತಿರ ಯಾರೂ ಕೂತಿರುವುದಿಲ್ಲ. ಅಲ್ಲಿ ಮಾಡುವುದು ಬಹಳ ಸಪ್ಪೆ ಕೆಲಸ.

ಆ ಸಪ್ಪೆ ಕೆಲಸ ಹೇಗೆ ನಡೆಯಿತು ಎಂದು ಹೇಳುತ್ತೇನೆ. ಮೊದಲ ಪ್ರಶ್ನೆ, ಎಷ್ಟು ಸರಿಯಬೇಕು ಅನ್ನುವುದು. ಪೂರ್ತಿ ಮಾತು ಬಿಟ್ಟರೆ ಅದು ಮುನಿಸು, ಮತ್ತು ಮುನಿಸು ಅಂದರೆ ಇನ್ನೊಂದು ಬಗೆಯ ಅರ್ಜಿ. ಏನೂ ಬದಲಾಯಿಸದಿದ್ದರೆ ಆಸೆಗೆ ದಿನಾ ಊಟ ಹಾಕಿದಂತೆ. ನನಗೆ ಉಪಯೋಗಕ್ಕೆ ಬಂದ ಅಳತೆ ಪಕ್ಕದಲ್ಲೇ ಕೂತಿತ್ತು. ನನ್ನ ಬಲಕ್ಕೆ ಒಬ್ಬರು ಮಧ್ಯವಯಸ್ಸಿನ ಅಕೌಂಟೆಂಟ್ ಇದ್ದರು. ಸಭ್ಯರು, ಅವರ ಮೇಲೆ ನನಗೆ ಯಾವ ವಿಶೇಷ ಭಾವವೂ ಇರಲಿಲ್ಲ. ಅವರಿಗೆ ನಾನು ಏನೇನು ಮಾಡುತ್ತೇನೋ ಅಷ್ಟನ್ನು ಇವರಿಗೂ ಮಾಡುವುದು, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಕೂಡದಿದ್ದರೆ ಅವರಿಗೆ ಸಹಾಯ ಮಾಡುತ್ತೇನೆಯೇ? ಹೌದು, ಹಾಗಾದರೆ ಇವರಿಗೂ. ಅವರಿಗೆ ರಾತ್ರಿ ಹತ್ತೂವರೆಗೆ ‘ಮನೆ ತಲುಪಿದ್ರಾ’ ಎಂದು ವಾಟ್ಸ್ಯಾಪ್ ಮಾಡುತ್ತೇನೆಯೇ? ಇಲ್ಲ, ಹಾಗಾದರೆ ಇವರಿಗೂ ಬೇಡ. ಅವರ ಲಾಸ್ಟ್ ಸೀನ್ ನೋಡುತ್ತೇನೆಯೇ? ನಗು ಬಂತು. ಈ ಒಂದು ಅಳತೆಯಿಂದ ಎಷ್ಟೋ ಪ್ರಶ್ನೆಗಳು ತಾವಾಗಿ ಉದುರಿದವು.

ಮನಸ್ಸಿನಿಂದ ತೆಗೆದುಹಾಕುತ್ತೇನೆ ಎಂದು ಹಟ ಹಿಡಿಯಲಿಲ್ಲ. ಅದು ಆಗುವ ಕೆಲಸ ಅಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಪ್ರಸಿದ್ಧ. ಐದು ನಿಮಿಷ ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರೆ ಜನ ಗಂಟೆ ಬಾರಿಸುತ್ತಲೇ ಇದ್ದರು. ಆಮೇಲೆ ಈಗ ಬೇಕಾದರೆ ನೆನೆಯಿರಿ ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಅವರಿಗೇ ಕರಡಿ ಹೆಚ್ಚು ಸಲ ಬಂತು. ನೆನಪು ಬಂದರೆ ಬರಲಿ, ಅದಕ್ಕೆ ಹೊಸ ಸರಕು ಒದಗಿಸುವುದು ಬೇಡ ಎಂದುಕೊಂಡೆ. ಟೀಗೆ ಹೋಗುವ ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡೆ. ಸಂಜೆ ಎಲ್ಲರೂ ಇಳಿಯುವ ಮೊದಲೇ ಇಳಿಯತೊಡಗಿದೆ, ಗೇಟಿನ ಹತ್ತಿರ ಆ ಕ್ಲಿಪ್ಪಿನ ದೃಶ್ಯವನ್ನು ದಿನಾ ನೋಡಬೇಕಾದ ಅಗತ್ಯ ಇರಲಿಲ್ಲ.

ಕಠಿಣವಾದದ್ದು ಒಂದು ಸಣ್ಣ ಮಾತು. ಒಂದು ದಿನ ಅವರು, “ಯಾಕ್ರೀ, ಇತ್ತೀಚೆಗೆ ಡಲ್ಲಾಗಿದೀರಾ, ಏನಾದ್ರೂ ಬೇಜಾರಾ?” ಎಂದು ಕೇಳಿದರು. ಈ ಪ್ರಶ್ನೆಗೆ ‘ಏನಿಲ್ಲ’ ಎಂದು ಉತ್ತರ ಕೊಡುವುದರಲ್ಲಿ ಎರಡು ಬಗೆಯಿದೆ. ಒಂದು, ಮಾತನ್ನು ಮುಗಿಸುವ ‘ಏನಿಲ್ಲ’. ಇನ್ನೊಂದು, ಕೊನೆಯಲ್ಲಿ ದನಿಯನ್ನು ಸ್ವಲ್ಪ ಇಳಿಸಿ, ಕಣ್ಣನ್ನು ಕಿಟಕಿಗೆ ಕಳಿಸಿ, ಇನ್ನೊಂದು ಸಲ ಕೇಳಲಿ ಎಂದು ಕಾಯುವ ‘ಏನಿಲ್ಲ’. ಎರಡನೆಯದು ನಾಲಿಗೆಯ ತುದಿಗೆ ಬಂದಿತ್ತು. ರಾವಣನ ರಥ ಹೊರಡುವುದು ಇಲ್ಲಿಂದಲೇ. “ಕಣ್ಣು ಉರೀತಿದೆ, ಸ್ಕ್ರೀನ್ ನೋಡೀ ನೋಡೀ” ಅಂದೆ. ಅದೂ ಸುಳ್ಳಲ್ಲ, ಸೆಪ್ಟೆಂಬರಿನ ಆಡಿಟ್ ಕೆಲಸ ಹತ್ತಿರ ಬಂದಿತ್ತು. ಅವರು ಯಾವುದೋ ಕಣ್ಣಿನ ಹನಿಯ ಹೆಸರು ಹೇಳಿ ಕೆಲಸಕ್ಕೆ ತಿರುಗಿದರು.

ನಾನು ನಿಜವಾಗಿ ಸರಿದಿದ್ದೇನೋ ಇಲ್ಲವೋ ಎಂದು ತಿಳಿಯಲು ಒಂದು ಗುರುತು ಇತ್ತು, ಅದು ನನಗೆ ನಾಚಿಕೆ ತರಿಸುವಂಥದ್ದು. ಏಳೂವರೆಯ ಫೋನು ಮುಗಿಸಿ ಅವರು ಮುಖ ಸಪ್ಪಗೆ ಮಾಡಿಕೊಂಡು ಬಂದ ದಿನ ನನ್ನೊಳಗೆ ಏನೋ ಎದ್ದು ಕೂರುತ್ತಿತ್ತು. ಅವರಿಬ್ಬರ ಜಗಳ ನನಗೆ ಹಬ್ಬ. ಹಾಗನ್ನಿಸುವವರೆಗೂ ನಾವು ಸರಿದಿಲ್ಲ, ಬಾಗಿಲ ಹಿಂದೆ ನಿಂತಿದ್ದೇವೆ ಎಂದೇ ಅರ್ಥ. ಆ ಹೊತ್ತಿನಲ್ಲಿ ‘ಏನಾಯ್ತು, ಹೇಳಿ, ನಾನಿದ್ದೀನಿ’ ಎಂದು ಹೋಗುವ ಆತ್ಮೀಯ ಗೆಳೆಯ ನಾನಾಗಬಾರದಿತ್ತು. ನೆರವಾಗಬಾರದು ಎಂದಲ್ಲ. ಹೊಡೆತ, ಬೆದರಿಕೆ ಕಂಡರೆ ಯಾರಾದರೂ ನಿಲ್ಲಲೇಬೇಕು. ಆದರೆ ಸಾಮಾನ್ಯ ಜಗಳವೂ ನನ್ನ ಕಣ್ಣಿಗೆ ದೌರ್ಜನ್ಯವಾಗಿ ಕಾಣುವ ಸ್ಥಿತಿಯಲ್ಲಿ ನಾನಿದ್ದೆ, ಹಾಗಾಗಿ ನನ್ನ ಕಣ್ಣನ್ನು ನಾನೇ ನಂಬುವಂತಿರಲಿಲ್ಲ. ಅವರಿಗೆ ಆಫೀಸಿನಲ್ಲೇ ಒಬ್ಬರು ಗೆಳತಿ ಇದ್ದರು, ಆ ಕೆಲಸ ಅವರದು.

ಮುಂದಿನ ವರ್ಷ ಅವರು ಮದುವೆಯ ತಯಾರಿಗೆ ಇಳಿದರು. ಧರ್ಮ ಬೇರೆಯಾದ್ದರಿಂದ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಅದರಲ್ಲಿ ವಿವಾಹಾಧಿಕಾರಿಗೆ ಮೊದಲು ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. 30 ದಿನ ಕಾಯಬೇಕು, ಆ ಅವಧಿಯಲ್ಲಿ ಯಾರು ಬೇಕಾದರೂ ಬಂದು ಆಕ್ಷೇಪಣೆ ಹಾಕಬಹುದು. ಮನೆಗೆ ಹೇಳದವರಿಗೆ ಆ 30 ದಿನ ಎಂದರೆ ಹೆಸರು, ವಿಳಾಸ ಸಮೇತ ಗೋಡೆಯ ಮೇಲೆ ನೇತಾಡುವುದು. ‘ಯಾರ ಹತ್ರಾನೂ ಹೇಳ್ಬೇಡಿ’ ಅನ್ನುವ ಮಾತಿನ ತೂಕ ನನಗೆ ಪೂರ್ತಿ ಗೊತ್ತಾದದ್ದು ಆಗ. ನಾನು ಹಿಂದಿನ ವರ್ಷ ಯಾರದಾದರೂ ಭುಜದ ಮೇಲೆ ತಲೆಯಿಟ್ಟು ಅವರ ಹೆಸರು ಹೇಳಿಕೊಂಡಿದ್ದರೆ, ಆ ಹೆಸರು ತಾಲ್ಲೂಕಿಗೆ ತಲುಪಿ, ಯಾರೋ ಒಬ್ಬರು ಕಚೇರಿಗಳ ನೋಟಿಸ್ ಬೋರ್ಡ್ ಹುಡುಕಿಕೊಂಡು ಬಂದಿರಬಹುದಿತ್ತು. ಘನತೆ ಎಂದರೆ ನಮ್ಮ ಮುಖ ಕಾಪಾಡಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ಅದರಿಂದ ಇನ್ನೊಬ್ಬರ ಜೀವವೂ ಉಳಿಯುತ್ತದೆ ಅನ್ನುವುದು ಹೊಳೆದಿರಲಿಲ್ಲ.

ಮದುವೆಯ ದಿನ ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಇಬ್ಬರು ಸಿಕ್ಕಿದ್ದರು. ಮೂರನೆಯವರಾಗಿ ಬರುತ್ತೀರಾ ಎಂದು ಅವರು ನನ್ನನ್ನು ಕೇಳಿದರು. ಗುಟ್ಟು ಕಾಪಾಡಿದವನು ನಾನೇ ಅಲ್ಲವೇ, ನಂಬಿ ಕೇಳಿದ್ದರು. ನಾನು ರಾತ್ರಿಯೆಲ್ಲ ಯೋಚಿಸಿದೆ. ಹೋಗಿ ಸಹಿ ಹಾಕುವ ನನ್ನ ಚಿತ್ರ ಆಗಲೇ ಕಣ್ಣ ಮುಂದೆ ಬಂದಿತ್ತು, ಹಿನ್ನೆಲೆ ಸಂಗೀತದ ಸಮೇತ. ಅಷ್ಟು ಚೆನ್ನಾಗಿ ಚಿತ್ರ ಮೂಡುತ್ತಿದೆ ಎಂದರೆ ಅದು ಅವರಿಗೋಸ್ಕರ ಅಲ್ಲ ಎಂದು ಗೊತ್ತಾಯಿತು. ಹಾಗಂತ ನನ್ನ ಮನಸ್ಸಿನ ಶುದ್ಧಿಗಾಗಿ ಆಗಲ್ಲ ಅಂದುಬಿಟ್ಟರೆ, ಮೂರನೆಯ ಸಾಕ್ಷಿ ಎಲ್ಲಿಂದ ಬರಬೇಕು? ಅವರ ಅಗತ್ಯ ನನ್ನ ಮನಸ್ಸಿನ ಏರಿಳಿತಕ್ಕಿಂತ ದೊಡ್ಡದು. ಮರುದಿನ ಅವರಿಗೆ, “ನನಗೆ ಬರೋಕಾಗಲ್ಲ. ನನ್ನ ರೂಮ್‌ಮೇಟ್ ಬೆಳಗಾವಿ ಕಡೆಯವನು, ನಿಮ್ಮೂರಿನವರು ಯಾರೂ ಅವನಿಗೆ ಗೊತ್ತಿಲ್ಲ. ನಂಬಿಕೆಯವನು. ನೀವು ಹ್ಞೂಂ ಅಂದ್ರೆ ಅವನನ್ನ ಕೇಳ್ತೀನಿ” ಅಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತೋ, ಏನೂ ಗೊತ್ತಿರಲಿಲ್ಲವೋ, ಇವತ್ತಿನವರೆಗೂ ನನಗೆ ತಿಳಿದಿಲ್ಲ. ತಿಳಿಯಬೇಕು ಅನ್ನುವ ಆಸೆ ಹೋಗಲು ಮೋಹ ಹೋಗುವುದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ರೂಮ್‌ಮೇಟ್ ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡು ಹೋಗಿ ಸಹಿ ಹಾಕಿ, ಮಧ್ಯಾಹ್ನ ಅವರು ಕೊಡಿಸಿದ ಬಿರಿಯಾನಿ ಉಂಡು ಬಂದ. ಯಾರ ಮದುವೆ, ನಿನಗೇನಾಗಬೇಕು ಎಂದು ಕೇಳಿದ. ಆಫೀಸಿನವರು ಅಂದೆ.

ಇದನ್ನು ಓದುತ್ತಿರುವ ನಿಮ್ಮ ಎದುರು ಟೇಬಲ್ಲಿನಲ್ಲೂ ಹೀಗೊಬ್ಬರು ಇರಬಹುದು. ನೋವಾದರೆ ಯಾರ ಹತ್ತಿರವಾದರೂ ಹೇಳಿಕೊಳ್ಳಿ, ಹೇಳಿಕೊಳ್ಳಬೇಕು. ಆದರೆ ಹೇಳುವಾಗ ಅವರ ಹೆಸರು, ಊರು, ಅವರ ಜೊತೆಗಿರುವವರು ಯಾರು ಅನ್ನುವುದನ್ನು ಬಿಟ್ಟು ಹೇಳಿ. ಆ ಮೂರು ವಿವರಗಳನ್ನು ಯಾರಿಗೆ ತಿಳಿಸಬೇಕು ಅನ್ನುವುದು ಅವರಿಗೆ ಸೇರಿದ್ದು.